ಡಿಪೋ ಬೇಡ ಎಂದು ಮೊದಲ ಸಾಲಿನಲ್ಲೇ ಬರೆದಾಗ: ಒಂದು ಪ್ರಕರಣ ಅಧ್ಯಯನ

ಇದು ಕುರುಕಲು ತಿಂಡಿ ಮಾಡುವ ಒಂದು ಕಂಪನಿಯ ಪ್ರಕರಣ. ಖಾರಾ ಮಿಕ್ಸ್‌ಚರ್, ಚಕ್ಕುಲಿ, ಮಸಾಲೆ ಶೇಂಗಾ ಮುಂತಾದವನ್ನು ಪ್ಯಾಕೆಟ್ ಮಾಡಿ ಮಾರುತ್ತಾರೆ. ಕಾರ್ಖಾನೆ ದಕ್ಷಿಣ ಕರ್ನಾಟಕದಲ್ಲಿದೆ. ಕಂಪನಿಯ ಹೆಸರು, ಊರು ಹೇಳುವುದಿಲ್ಲ. ಗುರುತು ಸಿಗದಿರಲಿ ಎಂದು ಅಂಕಿಗಳನ್ನೂ ಸ್ವಲ್ಪ ಬದಲಿಸಿದ್ದೇನೆ. ಲೆಕ್ಕ ಹಾಕಿದ ರೀತಿ ಮಾತ್ರ ಇದ್ದ ಹಾಗೇ ಇದೆ.

ಅಲ್ಲಿನ ಆಪರೇಷನ್ಸ್ ಮ್ಯಾನೇಜರ್ ಒಂದೇ ವಿಷಯವನ್ನು ಆಡಳಿತ ಮಂಡಳಿಯ ಮುಂದೆ ಎರಡು ಸಲ ಇಟ್ಟರು. ಮೊದಲ ಸಲ ಏನೂ ತೀರ್ಮಾನ ಆಗಲಿಲ್ಲ. ಎರಡನೇ ಸಲ ಅರ್ಧ ಗಂಟೆಯೊಳಗೆ ಆಯಿತು. ಮಾಹಿತಿ ಹೆಚ್ಚುಕಡಿಮೆ ಅದೇ, ಕೂತಿದ್ದ ಜನರೂ ಅವರೇ. ಎರಡನೇ ಟಿಪ್ಪಣಿ ಬರೆಯುವಾಗ ನಾನು ಅವರ ಜೊತೆ ಕೂತಿದ್ದೆ. ಹಾಗಾಗಿ ಎಲ್ಲಿ ಏನು ಬದಲಾಯಿತು ಎಂದು ಹತ್ತಿರದಿಂದ ಹೇಳಬಲ್ಲೆ.

ಹಿನ್ನೆಲೆ

ಕಂಪನಿಗೆ ಗಡಿಯಾಚೆ, ಮಹಾರಾಷ್ಟ್ರದಲ್ಲಿ ಒಂದು ಡಿಪೋ ಇತ್ತು. ಅದು ಅಲ್ಲಿ ಯಾಕಿತ್ತು ಎನ್ನುವುದಕ್ಕೆ ಹಳೆಯ ಕಾರಣವಿದೆ. ಜಿಎಸ್‌ಟಿ ಬರುವ ಮೊದಲು ಬೇರೆ ರಾಜ್ಯದ ವಿತರಕರಿಗೆ ನೇರವಾಗಿ ಬಿಲ್ ಮಾಡಿದರೆ ಕೇಂದ್ರ ಮಾರಾಟ ತೆರಿಗೆ, ಅಂದರೆ ಸಿಎಸ್‌ಟಿ, ಬೀಳುತ್ತಿತ್ತು. ಆ ರಾಜ್ಯದಲ್ಲಿ ನಮ್ಮದೇ ಡಿಪೋ ಇದ್ದು, ಮಾಲನ್ನು ಅಲ್ಲಿಗೆ ಸಾಗಿಸಿ ಆಮೇಲೆ ಮಾರಿದರೆ ಆ ತೆರಿಗೆ ಇರಲಿಲ್ಲ. ಅದಕ್ಕೇ ಆಗ ಬಹಳಷ್ಟು ಕಂಪನಿಗಳು ರಾಜ್ಯಕ್ಕೊಂದು ಡಿಪೋ ಮಾಡಿಕೊಂಡಿದ್ದವು. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂತು, ತೆರಿಗೆಗಾಗಿ ಡಿಪೋ ಇಟ್ಟುಕೊಳ್ಳುವ ಅಗತ್ಯ ಹೋಯಿತು. ಇಲ್ಲಿ ಮಾತ್ರ ಡಿಪೋ ಹಾಗೇ ನಡೆದುಕೊಂಡು ಬಂದಿತ್ತು.

ಡಿಪೋ ಮೂಲಕ ತಿಂಗಳಿಗೆ ಸುಮಾರು 60 ಲಕ್ಷ ರೂಪಾಯಿಯ ಮಾಲು ಹೋಗುತ್ತಿತ್ತು. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಆರು ದೊಡ್ಡ ವಿತರಕರದು. ಉಳಿದದ್ದು ಸಣ್ಣ ಊರುಗಳ ಸಣ್ಣ ವಿತರಕರದು. ಅಲ್ಲಿ ಏಳು ಜನ ಕೆಲಸ ಮಾಡುತ್ತಿದ್ದರು.

ಸೆಪ್ಟೆಂಬರ್ 30ಕ್ಕೆ ಗೋದಾಮಿನ ಕರಾರು ಮುಗಿಯುವುದಿತ್ತು. ಮಾಲೀಕರು ತಿಂಗಳ ಬಾಡಿಗೆಯನ್ನು 1.2 ಲಕ್ಷದಿಂದ 1.5 ಲಕ್ಷಕ್ಕೆ ಏರಿಸಿದರು. ಜೊತೆಗೆ ಐದು ವರ್ಷ ಬಿಟ್ಟು ಹೋಗುವಂತಿಲ್ಲ ಎಂಬ ಷರತ್ತನ್ನೂ ಹಾಕಿದರು. ಅದೇ ಹೊತ್ತಿಗೆ ಆ ಭಾಗದಿಂದ ಮಾಲು ವಾಪಸ್ ಬರುವುದು ಜಾಸ್ತಿಯಾಗಿತ್ತು. ಕಾರ್ಖಾನೆಯಿಂದ ನೇರವಾಗಿ ಸರಕು ಹೋಗುವ ಕಡೆ ವಾಪಸಾತಿ ಮಾರಾಟದ ಶೇಕಡಾ 1.5 ಇದ್ದರೆ, ಡಿಪೋ ಭಾಗದಲ್ಲಿ ಶೇಕಡಾ 4.5. ಏನು ಮಾಡೋಣ ಎಂದು ನೋಡಿ ಹೇಳುವ ಜವಾಬ್ದಾರಿ ಮ್ಯಾನೇಜರ್ ಮೇಲೆ ಬಿತ್ತು.

ಮೊದಲ ಮಂಡನೆ

ಅವರು ಶ್ರದ್ಧೆಯಿಂದ ಕೆಲಸ ಮಾಡಿದ್ದರು. ಡಿಪೋಗೆ ಹೋಗಿ ಬಂದಿದ್ದರು, ಪೆಟ್ಟಿಗೆಗಳ ಮೇಲಿನ ತಯಾರಿಕೆ ದಿನಾಂಕ ನೋಡಿದ್ದರು, ಸಾಗಣೆ ದರ ತರಿಸಿದ್ದರು. ಎಲ್ಲವನ್ನೂ 26 ಸ್ಲೈಡ್‌ಗಳಲ್ಲಿ ಇಟ್ಟರು. ಡಿಪೋದ ಇತಿಹಾಸ, ಜಿಎಸ್‌ಟಿ ತಂದ ಬದಲಾವಣೆ, ಅಧ್ಯಯನ ಮಾಡಿದ ವಿಧಾನ, ತಿಂಗಳವಾರು ವಾಪಸಾತಿ, ಗೋದಾಮಿನಲ್ಲಿ ಮಾಲು ಎಷ್ಟು ದಿನ ನಿಲ್ಲುತ್ತದೆ, ಬಾಡಿಗೆ, ಮೂರು ಆಯ್ಕೆಗಳು, ಒಂದೊಂದರ ಒಳಿತು ಕೆಡಕು, ಹೀಗೆ ಸಾಗಿ ಶಿಫಾರಸು ಬಂದದ್ದು 23ನೇ ಸ್ಲೈಡ್‌ನಲ್ಲಿ.

ಸಭೆ ಅಲ್ಲಿಯವರೆಗೆ ತಲುಪಲೇ ಇಲ್ಲ. ಒಂಬತ್ತನೇ ಸ್ಲೈಡ್ ಹೊತ್ತಿಗೆ ಎಂ.ಡಿ. ಕೇಳಿದರು: "ಮೇಡಂ, ಗೋದಾಮಿನ ಓನರ್ ದಿನಾ ಫೋನ್ ಮಾಡ್ತಿದ್ದಾರೆ. ಸಹಿ ಹಾಕ್ಲಾ, ಬೇಡ್ವಾ?"

"ಅಲ್ಲಿಗೇ ಬರ್ತಿದ್ದೀನಿ ಸರ್, ಇನ್ನು ಸ್ವಲ್ಪ ಸ್ಲೈಡ್ ಇದೆ," ಎಂದರು ಮ್ಯಾನೇಜರ್.

ಆಗ ಪರದೆಯ ಮೇಲಿದ್ದದ್ದು ಮಾಲು ಸರಾಸರಿ 24 ದಿನ ಡಿಪೋದಲ್ಲೇ ನಿಲ್ಲುತ್ತದೆ ಎಂಬ ಅಂಕಿ. ಸೇಲ್ಸ್ ಮುಖ್ಯಸ್ಥರಿಗೆ ಅದು ತಮ್ಮ ಮೇಲಿನ ದೂರಿನ ಹಾಗೆ ಕೇಳಿಸಿತು. "ನಾವು ಕೇಳಿದ ಪ್ಯಾಕ್ ಕಳಿಸಲ್ಲ, ಕೇಳದೇ ಇದ್ದದ್ದನ್ನ ತುಂಬಿಸ್ತೀರಿ. ನಿಲ್ಲದೇ ಇನ್ನೇನಾಗುತ್ತೆ?" ಎಂದರು. ಉತ್ಪಾದನೆಯವರು ಅದಕ್ಕೆ ಉತ್ತರ ಕೊಟ್ಟರು. ಮಾತು ಅಲ್ಲೇ ಸುತ್ತಿತು. ಸಮಯ ಮುಗಿಯಿತು. ಮುಂದಿನ ಸಭೆಗೆ ನೋಡೋಣ ಎಂದಾಯಿತು. ಮುಂದಿನ ಸಭೆ ಮೂರು ವಾರದ ನಂತರ. ಅಷ್ಟರಲ್ಲಿ ಆಗಸ್ಟ್ ಬರುತ್ತಿತ್ತು.

ಸ್ಲೈಡ್‌ಗಳಲ್ಲಿ ತಪ್ಪು ಮಾಹಿತಿ ಇರಲಿಲ್ಲ. ಅವರು ಯಾವ ಕ್ರಮದಲ್ಲಿ ವಿಷಯ ತಿಳಿದುಕೊಂಡರೋ ಅದೇ ಕ್ರಮದಲ್ಲಿ ಹೇಳಲು ಹೊರಟಿದ್ದರು. ಕೇಳುವವರಿಗೆ ಕೊನೆ ಏನು ಅಂತ ಗೊತ್ತಿಲ್ಲ. 24 ದಿನ ಎಂಬ ಅಂಕಿ ಯಾವುದಕ್ಕೆ ಆಧಾರ ಎಂದು ಹೇಳದೆ ಇಟ್ಟರೆ, ಪ್ರತಿಯೊಬ್ಬರೂ ಅದಕ್ಕೆ ತಮ್ಮದೇ ಅರ್ಥ ಕೊಟ್ಟುಕೊಳ್ಳುತ್ತಾರೆ. ಸೇಲ್ಸ್ ಮುಖ್ಯಸ್ಥರು ಮಾಡಿದ್ದೂ ಅದನ್ನೇ.

ಉತ್ತರವನ್ನು ಒಂದು ಸಾಲಿನಲ್ಲಿ ಬರೆಯುವುದು

ಎರಡನೇ ಸಲ ಪಿರಮಿಡ್ ಪದ್ಧತಿಯಲ್ಲಿ ಬರೆಯೋಣ ಎಂದು ಕೂತೆವು. ಮೆಕಿನ್ಸಿ ಸಂಸ್ಥೆಯಲ್ಲಿ 1963ರಿಂದ 1973ರವರೆಗೆ ಕೆಲಸ ಮಾಡಿದ ಬಾರ್ಬರಾ ಮಿಂಟೊ ಅಲ್ಲಿನ ಸಲಹೆಗಾರರ ವರದಿಗಳನ್ನು ತಿದ್ದುತ್ತಾ ರೂಪಿಸಿದ ಪದ್ಧತಿ ಇದು. ತುದಿಯಲ್ಲಿ ಒಂದೇ ಉತ್ತರ. ಅದನ್ನು ಓದಿದವರಿಗೆ ಹುಟ್ಟುವ ಪ್ರಶ್ನೆಗೆ ಕೆಳಗಿನ ಸಾಲಿನ ವಾದಗಳು ಉತ್ತರ ಕೊಡಬೇಕು. ಆ ಒಂದೊಂದು ವಾದ ಎಬ್ಬಿಸುವ ಪ್ರಶ್ನೆಗೆ ಅದರ ಕೆಳಗಿನ ಪುರಾವೆ ಉತ್ತರಿಸಬೇಕು. ಹೇಳುವುದಕ್ಕೆ ಇಷ್ಟೇ. ಆದರೆ ಮೊದಲ ಸಾಲಿನಲ್ಲೇ ತಡವರಿಕೆ ಶುರುವಾಯಿತು.

ಮ್ಯಾನೇಜರ್ ಮೊದಲು ಬರೆದದ್ದು: "ಡಿಪೋ ವ್ಯವಸ್ಥೆಯನ್ನು ಮರುಪರಿಶೀಲಿಸುವ ಅಗತ್ಯವಿದೆ." ಆಮೇಲೆ: "ಡಿಪೋದಲ್ಲಿ ಮೂರು ಮುಖ್ಯ ಸಮಸ್ಯೆಗಳಿವೆ." ಎರಡೂ ಉತ್ತರದ ಹಾಗೆ ಕಾಣುತ್ತವೆ, ಆದರೆ ಅಲ್ಲ. ಮೊದಲನೆಯದು ವಿಷಯದ ಹೆಸರು ಹೇಳುತ್ತದೆ. ಎರಡನೆಯದು ಮುಂದೆ ಏನೋ ಬರಲಿದೆ ಎನ್ನುತ್ತದೆ, ಅಷ್ಟೇ. ಎರಡನ್ನೂ ನಾವು ಒಂದೇ ಪ್ರಶ್ನೆಯಿಂದ ಅಳೆದೆವು. ಎಂ.ಡಿ. ಈ ಸಾಲು ಮಾತ್ರ ಓದಿ ಎದ್ದು ಹೋದರೆ, ಗೋದಾಮಿನ ಮಾಲೀಕರ ಫೋನ್‌ಗೆ ಉತ್ತರ ಕೊಡಬಲ್ಲರೇ? ಇಲ್ಲ ಎಂದಾದರೆ ಇನ್ನೂ ಉತ್ತರ ಬಂದಿಲ್ಲ.

ಕೊನೆಗೆ ನಿಂತ ಸಾಲು ಇದು: "ಡಿಪೋ ಕರಾರು ಮುಂದುವರಿಸುವುದು ಬೇಡ. ಅಕ್ಟೋಬರ್ 1ರಿಂದ ಆರು ದೊಡ್ಡ ವಿತರಕರಿಗೆ ಕಾರ್ಖಾನೆಯಿಂದಲೇ ನೇರವಾಗಿ ಲಾರಿ ಕಳಿಸೋಣ."

ಇದನ್ನು ಬರೆದ ಮೇಲೆ ಮ್ಯಾನೇಜರ್ ಸ್ವಲ್ಪ ಹೊತ್ತು ಸುಮ್ಮನಿದ್ದರು. ಇಷ್ಟು ನೇರವಾಗಿ ಹೇಳುವ ಧೈರ್ಯ ಇದೆಯಾ ಎಂಬುದಷ್ಟೇ ಅವರ ಯೋಚನೆಯಾಗಿರಲಿಲ್ಲ. 26 ಸ್ಲೈಡ್ ಮಾಡಿದಾಗಲೂ ಅವರ ಮನಸ್ಸಿನಲ್ಲಿ ಮೂರು ಆಯ್ಕೆಗಳು ಪೂರ್ತಿ ತೀರ್ಮಾನ ಆಗಿರಲಿಲ್ಲ. ಸ್ಲೈಡ್‌ಗಳು ಜಾಸ್ತಿ ಆದದ್ದಕ್ಕೆ ಅದೂ ಒಂದು ಕಾರಣ. ತೀರ್ಮಾನ ಗಟ್ಟಿಯಾಗದೇ ಇದ್ದಾಗ ಯಾವುದನ್ನು ಬಿಡಬಹುದು ಎಂದೂ ಗೊತ್ತಾಗುವುದಿಲ್ಲ.

ವಾದಗಳನ್ನು ಗುಂಪು ಮಾಡುವುದು

ಹಳೆಯ ಸ್ಲೈಡ್‌ಗಳಲ್ಲಿದ್ದ ಒಂದೊಂದು ಅಂಶವನ್ನೂ ಒಂದೊಂದು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಹರಡಿದೆವು. ಮ್ಯಾನೇಜರ್ ಅವನ್ನು ಬೇಗ ಬೇಗ ಮೂರು ಗುಂಪು ಮಾಡಿದರು: ಗೋದಾಮಿಗೆ ಸಂಬಂಧಿಸಿದ್ದು, ಸೇಲ್ಸ್‌ಗೆ ಸಂಬಂಧಿಸಿದ್ದು, ಫೈನಾನ್ಸ್‌ಗೆ ಸಂಬಂಧಿಸಿದ್ದು. ಕಚೇರಿಯಲ್ಲಿ ಕೆಲಸ ಮಾಡುವ ಯಾರಿಗಾದರೂ ಮೊದಲು ಹೊಳೆಯುವುದು ಇದೇ. ಆದರೆ "ಕರಾರು ಬೇಡ" ಎಂದು ಓದಿದವರು ಕೇಳುವುದು "ಯಾಕೆ ಬೇಡ?" ಅಂತ. ಯಾವ ವಿಭಾಗ ಏನು ಹೇಳಿತು ಎಂದು ಯಾರೂ ಕೇಳುವುದಿಲ್ಲ. ಆ ಗುಂಪುಗಳು ಯಾರೂ ಕೇಳದ ಪ್ರಶ್ನೆಗೆ ಉತ್ತರವಾಗಿದ್ದವು.

ಇಲ್ಲೊಂದು ಸಣ್ಣ ತೀರ್ಮಾನ ಬೇಕಾಯಿತು. ಎಂ.ಡಿ. ಮೊದಲು ಕೇಳುವುದು "ಯಾಕೆ" ಎಂದೋ, "ಹೇಗೆ" ಎಂದೋ? ಡಿಪೋ ಮುಚ್ಚಬೇಕು ಎಂದು ಅವರಿಗೆ ಆಗಲೇ ಅನಿಸಿದ್ದರೆ ಕೆಳಗಿನ ಸಾಲಿನಲ್ಲಿ ಹಂತಗಳು ಬರಬೇಕಿತ್ತು: ಯಾವಾಗ ನೋಟಿಸ್, ಯಾವಾಗ ಕೊನೆಯ ಲಾರಿ, ಯಾರಿಗೆ ಯಾವ ಮಾರ್ಗ. ಆದರೆ ಅವರ ಒಲವು ಸಹಿ ಹಾಕುವ ಕಡೆಗೇ ಇದೆ ಎಂದು ಮ್ಯಾನೇಜರ್‌ಗೆ ಗೊತ್ತಿತ್ತು. ಹಾಗಾಗಿ ಕೆಳಗಿನ ಸಾಲು ಪೂರ್ತಿ ಕಾರಣಗಳದ್ದು ಎಂದಾಯಿತು. ಹಂತಗಳು ಎರಡನೇ ಪುಟಕ್ಕೆ ಹೋದವು.

ಈಗ ಪ್ರತಿ ಚೀಟಿಯನ್ನೂ "ಇದು ಕರಾರು ಬೇಡ ಎನ್ನಲು ಒಂದು ಕಾರಣವೇ?" ಎಂದು ಕೇಳುತ್ತಾ ಹೋದೆವು. ಒಂದೇ ಗುಂಪಿನಲ್ಲಿರುವ ಎಲ್ಲವನ್ನೂ ಒಂದೇ ಹೆಸರಿನಿಂದ ಕರೆಯಲು ಬರಬೇಕು. ಕಾರಣಗಳು ಎಂದರೆ ಎಲ್ಲವೂ ಕಾರಣಗಳೇ ಆಗಿರಬೇಕು. ಈ ಜರಡಿಯಲ್ಲಿ ಎರಡು ಚೀಟಿ ಹೊರಬಿದ್ದವು. "ಏಳು ಜನ ಸಿಬ್ಬಂದಿಗೆ ಬೇರೆ ಕಡೆ ಕೆಲಸ ಕೊಡಬೇಕು" ಎನ್ನುವುದು ಕಾರಣ ಅಲ್ಲ, ಮಾಡಬೇಕಾದ ಕೆಲಸ. ಅದು ಎರಡನೇ ಪುಟಕ್ಕೆ ಹೋಯಿತು. ಇನ್ನೊಂದು ಜಿಎಸ್‌ಟಿ ಚೀಟಿ.

ಇದನ್ನು ಬಿಡಲು ಮ್ಯಾನೇಜರ್‌ಗೆ ಮನಸ್ಸಿರಲಿಲ್ಲ. ಡಿಪೋ ಹುಟ್ಟಿದ ಕಾರಣವೇ ಹೋಗಿದೆ ಎನ್ನುವುದು ಅವರ ಪಾಲಿಗೆ ಎಲ್ಲಕ್ಕಿಂತ ದೊಡ್ಡ ಮಾತು. ಆದರೆ ಹುಟ್ಟಿದ ಕಾರಣ ಹೋದ ಮೇಲೂ ಒಂದು ಡಿಪೋ ಬೇರೆ ಕಾರಣಕ್ಕೆ ಉಪಯೋಗಕ್ಕೆ ಬರಬಹುದು. ವಿತರಕರಿಗೆ ಬೇಗ ಮಾಲು ಸಿಗುತ್ತಿದ್ದರೆ ಅದನ್ನು ಇಟ್ಟುಕೊಳ್ಳುವುದೇ ಸರಿ. ಹಾಗಾಗಿ ಇದು ಮುಚ್ಚಲು ಕಾರಣ ಆಗುವುದಿಲ್ಲ, ಈ ಪ್ರಶ್ನೆ ಈಗ ಯಾಕೆ ಎದ್ದಿದೆ ಎಂದು ಹೇಳುವ ಹಿನ್ನೆಲೆ ಆಗುತ್ತದೆ. ಪೀಠಿಕೆಯಲ್ಲಿ ಒಂದು ವಾಕ್ಯ ಸಾಕಾಯಿತು. ಮೊದಲಿನ ಸ್ಲೈಡ್‌ಗಳಲ್ಲಿ ಅದು ಮೂರು ಪುಟ ತಿಂದಿತ್ತು.

ಉಳಿದವು ಮೂರು ಕಾರಣಗಳ ಕೆಳಗೆ ಕೂತವು: ಮಾಲು ತಾಜಾ ತಲುಪುತ್ತದೆ, ಖರ್ಚು ಉಳಿಯುತ್ತದೆ, ಮಾರಾಟ ಕುಗ್ಗುವುದಿಲ್ಲ.

ಇವನ್ನು ಸರಪಳಿಯಾಗಿಯೂ ಬರೆಯಬಹುದಿತ್ತು. ಮಾಲು 24 ದಿನ ನಿಲ್ಲುತ್ತದೆ, ನಿಂತ ಮಾಲು ವಾಪಸ್ ಬರುತ್ತದೆ, ವಾಪಸ್ ಬಂದರೆ ನಷ್ಟ, ಆದ್ದರಿಂದ ಡಿಪೋ ಬೇಡ. ಮ್ಯಾನೇಜರ್‌ಗೆ ಈ ದಾರಿ ಹೆಚ್ಚು ಸಹಜ ಅನಿಸಿತ್ತು, ಏಕೆಂದರೆ ಅವರು ಯೋಚಿಸಿದ್ದು ಹಾಗೆಯೇ. ಆದರೆ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೆ ಪೂರ್ತಿ ವಾದ ಬೀಳುತ್ತದೆ. ಮೊದಲ ಸಭೆಯಲ್ಲಿ ಸೇಲ್ಸ್ ಮುಖ್ಯಸ್ಥರು ಮುಟ್ಟಿದ್ದು ಮೊದಲ ಕೊಂಡಿಯನ್ನೇ: ಮಾಲು ನಿಲ್ಲುವುದು ಡಿಪೋದಿಂದಾಗಿ ಅಲ್ಲ, ಬೇಡದ ಪ್ಯಾಕ್ ಕಳಿಸುವುದರಿಂದ. ಮೂರು ಕಾರಣಗಳನ್ನು ಪಕ್ಕಪಕ್ಕದಲ್ಲಿ, ಒಂದರ ಮೇಲೊಂದು ಆತುಕೊಳ್ಳದ ಹಾಗೆ ನಿಲ್ಲಿಸಿದರೆ, ಒಂದರ ಮೇಲೆ ಅನುಮಾನ ಬಂದರೂ ಉಳಿದೆರಡು ಉತ್ತರವನ್ನು ಹೊರಬಲ್ಲವು. ಹಾಗೇ ಮಾಡಿದೆವು.

ಬರೆಯುತ್ತಾ ಬದಲಾದ ಯೋಜನೆ

ಈ ಪ್ರಕರಣದಲ್ಲಿ ನನಗೆ ತುಂಬ ಮುಖ್ಯ ಅನಿಸಿದ ತಿರುವು ಮೊದಲ ಕಾರಣದ ಕೆಳಗೆ ಪುರಾವೆ ಜೋಡಿಸುವಾಗ ಬಂತು.

"ಮಾಲು ಸುಮಾರು ಮೂರು ವಾರ ಮೊದಲೇ ತಲುಪುತ್ತದೆ" ಎಂದು ಮ್ಯಾನೇಜರ್ ಬರೆದರು. ಓದಿದವರು "ಹೇಗೆ?" ಎಂದು ಕೇಳುತ್ತಾರೆ. ಉತ್ತರ: ಡಿಪೋದಲ್ಲಿ ನಿಲ್ಲುವ 24 ದಿನ ಇಲ್ಲವಾಗುತ್ತದೆ. ಸರಿ. ಆದರೆ ಲಾರಿಗೆ ಎಷ್ಟು ಮಾಲು ಹಿಡಿಸುತ್ತದೆ ಎಂದು ನೋಡಿದಾಗ ಲೆಕ್ಕ ತೊಡಕಾಯಿತು. ಕುರುಕಲು ತಿಂಡಿಯ ಪೆಟ್ಟಿಗೆಗೆ ತೂಕ ಕಡಿಮೆ, ಜಾಗ ಜಾಸ್ತಿ. ಅವರ ಲಾರಿಗೆ ಸುಮಾರು 6 ಲಕ್ಷ ರೂಪಾಯಿಯ ಮಾಲು ಹಿಡಿಸುತ್ತಿತ್ತು. ಸಣ್ಣ ವಿತರಕರು ಇನ್ನು ದೊಡ್ಡವರಿಂದಲೇ ಮಾಲು ಪಡೆಯುವುದಾಗಿತ್ತು; ಅವರ ಪಾಲೂ ಸೇರಿದರೆ ಒಬ್ಬೊಬ್ಬ ದೊಡ್ಡ ವಿತರಕನ ಮಾರಾಟ ತಿಂಗಳಿಗೆ ಸುಮಾರು 10 ಲಕ್ಷ. ಅಂದರೆ ಒಂದು ಲಾರಿ ಮಾಲು 18 ದಿನಕ್ಕೆ ಆಗುತ್ತದೆ. ಮೊದಲು ಅವರು ಡಿಪೋದಿಂದ ವಾರಕ್ಕೊಮ್ಮೆ ತರಿಸುತ್ತಿದ್ದರು. ಈಗ ನಮ್ಮ ಗೋದಾಮಿನಲ್ಲಿ ಕೂತಿದ್ದ ಮಾಲಿನಲ್ಲಿ ಒಂದಿಷ್ಟು ಅವರ ಗೋದಾಮಿಗೆ ಹೋಗಿ ಕೂರುತ್ತದೆ.

ಆ ಊರುಗಳ ಅಂಗಡಿಯವರು ತಯಾರಾಗಿ 45 ದಿನ ದಾಟಿದ ಪ್ಯಾಕೆಟ್ ಅನ್ನು ಮುಟ್ಟುತ್ತಿರಲಿಲ್ಲ, ಬಾಳಿಕೆ ನಾಲ್ಕು ತಿಂಗಳು ಇದ್ದರೂ. ಹಾಗಾಗಿ ಒಂದೊಂದು ವಾರವೂ ಲೆಕ್ಕಕ್ಕೆ ಬರುತ್ತಿತ್ತು. ಈ ತೊಡಕು 26 ಸ್ಲೈಡ್‌ಗಳಲ್ಲಿ ಎಲ್ಲೂ ಕಾಣಿಸಿಕೊಂಡಿರಲಿಲ್ಲ. ಲಾರಿ ದರ ಒಂದು ಸ್ಲೈಡ್‌ನಲ್ಲಿ, ವಿತರಕರ ಮಾರಾಟ ಇನ್ನೊಂದರಲ್ಲಿ, ನಿಲ್ಲುವ ದಿನಗಳು ಮತ್ತೊಂದರಲ್ಲಿ ಇದ್ದವು. ಒಂದೇ ವಾದದ ಕೆಳಗೆ ಪಕ್ಕಪಕ್ಕ ಇಟ್ಟಾಗ ಮಾತ್ರ ಒಂದಕ್ಕೊಂದು ತಾಳೆ ಆಗುವುದಿಲ್ಲ ಎಂದು ಕಂಡಿತು.

ಪರಿಹಾರ ಮ್ಯಾನೇಜರೇ ಹುಡುಕಿದರು. ಒಂದೇ ಮಾರ್ಗದಲ್ಲಿರುವ ಇಬ್ಬರು ವಿತರಕರಿಗೆ ಒಂದು ಲಾರಿ. ಮೊದಲ ಊರಲ್ಲಿ ಅರ್ಧ ಇಳಿಸಿ, ಮುಂದಿನ ಊರಲ್ಲಿ ಇನ್ನರ್ಧ. ಆರು ವಿತರಕರು, ಮೂರು ಮಾರ್ಗ. ಆಗ ಪ್ರತಿಯೊಬ್ಬರಿಗೂ ಸುಮಾರು ಒಂಬತ್ತು ದಿನಕ್ಕೊಮ್ಮೆ 3 ಲಕ್ಷದ ಮಾಲು ಸಿಗುತ್ತದೆ. ಮೂರು ವಾರ ಎಂಬ ಮಾತು ಉಳಿಯಿತು. ಸಾಗಣೆ ಮಾತ್ರ ಸ್ವಲ್ಪ ದುಬಾರಿ ಆಯಿತು: ಡಿಪೋಗೆ ಒಂದು ಲಾರಿಗೆ 30 ಸಾವಿರ ಆಗುತ್ತಿತ್ತು, ಎರಡು ಕಡೆ ಇಳಿಸುವ ಲಾರಿಗೆ 36 ಸಾವಿರ. ತಿಂಗಳಿಗೆ ಹತ್ತು ಲಾರಿ ಎಂದರೆ 60 ಸಾವಿರ ಹೆಚ್ಚುವರಿ. ಅದನ್ನು ಎರಡನೇ ಕಾರಣದ ಲೆಕ್ಕದಲ್ಲಿ ಕಳೆದೆವು.

ಕೊನೆಗೆ ಟಿಪ್ಪಣಿಯ ಮೊದಲ ಪುಟ ಹೀಗಿತ್ತು:

> ಡಿಪೋ ಕರಾರು ಬೇಡ. ಅಕ್ಟೋಬರ್ 1ರಿಂದ ನೇರ ಲಾರಿ
>
> ಡಿಪೋ ಕರಾರು ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ. ಸಿಎಸ್‌ಟಿ ಉಳಿಸಲು ಶುರು ಮಾಡಿದ ಡಿಪೋ ಇದು; ಜಿಎಸ್‌ಟಿ ಬಂದ ಮೇಲೆ ಆ ಲಾಭ ಇಲ್ಲ. ಈಗ ಮಾಲೀಕರು ಬಾಡಿಗೆ 1.5 ಲಕ್ಷ ಮತ್ತು ಐದು ವರ್ಷದ ಕಟ್ಟುಪಾಡು ಕೇಳುತ್ತಿದ್ದಾರೆ. ಸಹಿ ಹಾಕಬೇಕೇ?
>
> ಬೇಡ. ಆರು ದೊಡ್ಡ ವಿತರಕರಿಗೆ ಕಾರ್ಖಾನೆಯಿಂದ ನೇರವಾಗಿ ಕಳಿಸೋಣ. ಸಣ್ಣ ವಿತರಕರು ಅವರಿಂದ ಮಾಲು ಪಡೆಯಲಿ. ಕಾರಣ ಮೂರು.
>
> ಮಾಲು ಸುಮಾರು ಮೂರು ವಾರ ಮೊದಲೇ ತಲುಪುತ್ತದೆ. ಡಿಪೋದಲ್ಲಿ ನಿಲ್ಲುವ 24 ದಿನ ಇರುವುದಿಲ್ಲ. ಇಬ್ಬರಿಗೆ ಒಂದು ಲಾರಿ ಮಾಡಿದರೆ ವಿತರಕರ ಬಳಿಯೂ ಮಾಲು ಹೆಚ್ಚು ಕೂರುವುದಿಲ್ಲ. ನೇರವಾಗಿ ಕಳಿಸುವ ಕಡೆ ವಾಪಸಾತಿ ಶೇ. 1.5, ಡಿಪೋ ಭಾಗದಲ್ಲಿ ಶೇ. 4.5.
>
> ತಿಂಗಳಿಗೆ ಸುಮಾರು 4 ಲಕ್ಷ ಉಳಿಯುತ್ತದೆ. ಹೊಸ ಬಾಡಿಗೆ ಸೇರಿ ಡಿಪೋ ಖರ್ಚು 4.8 ಲಕ್ಷ. ಅದರಲ್ಲಿ ಹೆಚ್ಚುವರಿ ಸಾಗಣೆ ಮತ್ತು ದೊಡ್ಡ ವಿತರಕರಿಗೆ ಕೊಡುವ ಹೆಚ್ಚಿನ ಕಮಿಷನ್ ಕಳೆದರೆ ಉಳಿಯುವುದು ಇಷ್ಟು.
>
> ಮಾರಾಟ ಕುಗ್ಗುವುದಿಲ್ಲ. ಆರೂ ವಿತರಕರು ಒಪ್ಪಿದ್ದಾರೆ. ಸಣ್ಣ ಊರುಗಳಿಗೆ ತಲುಪಿಸುವುದಾಗಿ ಹೇಳಿದ್ದಾರೆ.

ಉತ್ತರ ಮೊದಲು ಎಂದರೆ ಪೀಠಿಕೆಯೇ ಇರಬಾರದು ಎಂದು ಕೆಲವರು ತಿಳಿಯುತ್ತಾರೆ. ಹಾಗಲ್ಲ. ಇಲ್ಲಿ ತಲೆಬರಹದಲ್ಲಿ ಉತ್ತರ ಇದೆ, ಅದರ ಕೆಳಗೆ ನಾಲ್ಕು ವಾಕ್ಯದ ಪೀಠಿಕೆಯೂ ಇದೆ. ಆದರೆ ಆ ವಾಕ್ಯಗಳಲ್ಲಿ ಎಂ.ಡಿ.ಗೆ ಗೊತ್ತಿಲ್ಲದ್ದು ಒಂದೂ ಇಲ್ಲ. ಅವರು ತಲೆಯಾಡಿಸುತ್ತಾ ಓದಿ, ತಮ್ಮದೇ ಪ್ರಶ್ನೆಗೆ ಬಂದು ನಿಲ್ಲುತ್ತಾರೆ. ಹೊಸದಾಗಿ ಸಾಬೀತು ಮಾಡಬೇಕಾದ ಯಾವುದನ್ನೂ ಪೀಠಿಕೆಯಲ್ಲಿ ಇಡಬಾರದು. ಇಟ್ಟರೆ ಜಗಳ ಅಲ್ಲೇ ಶುರುವಾಗುತ್ತದೆ.

ಸಭೆಯ ಹಿಂದಿನ ದಿನ

ಮೊದಲ ಸಾಲಿನಲ್ಲೇ ಡಿಪೋ ಬೇಡ ಎಂದಿರುವ ಕಾಗದ ಡಿಪೋ ಇನ್‌ಚಾರ್ಜ್ ಕೈಗೂ ಹೋಗುತ್ತದೆ. ಹಳೆಯ ಸ್ಲೈಡ್‌ಗಳಲ್ಲಿ ಆ ಸುದ್ದಿ 23ನೇ ಪುಟದವರೆಗೆ ಮರೆಯಾಗಿತ್ತು. ಈಗ ಮರೆ ಇಲ್ಲ. ಈ ಪದ್ಧತಿಯಲ್ಲಿ ನಿಜವಾಗಿ ಕಷ್ಟ ಆಗುವ ಜಾಗ ಇದು. ಕೆಟ್ಟ ಸುದ್ದಿ ಯಾರಿಗೆ ತಟ್ಟುತ್ತದೋ ಅವರು ತಲೆಬರಹ ಓದಿದ ಮೇಲೆ ಉಳಿದದ್ದನ್ನು ಓದುವುದಿಲ್ಲ. ಅದಕ್ಕಾಗಿ ಉತ್ತರವನ್ನು ಕೆಳಗೆ ತಳ್ಳುವ ಬದಲು ಮ್ಯಾನೇಜರ್ ಹಿಂದಿನ ದಿನವೇ ಅವರಿಗೆ ಫೋನ್ ಮಾಡಿದರು.

ಇನ್‌ಚಾರ್ಜ್ ಹಿರಿಯರು, ಡಿಪೋ ಶುರುವಾದಾಗಿನಿಂದ ಇದ್ದವರು. ಕೇಳಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಗೋದಾಮು ಹೋಗ್ಲಿ ಮೇಡಂ, ನಮ್ಮ ಹುಡುಗ್ರ ಕಥೆ ಏನು?" ಎಂದರು. ಏಳು ಜನರಲ್ಲಿ ಐವರಿಗೆ ಕಾರ್ಖಾನೆಯಲ್ಲಿ ಇಲ್ಲವೇ ಮಾರ್ಗದ ಮೇಲ್ವಿಚಾರಣೆಯಲ್ಲಿ ಕೆಲಸ ಕೊಡಿಸುತ್ತೇನೆ ಎಂದು ಮ್ಯಾನೇಜರ್ ಮಾತು ಕೊಟ್ಟರು. ಉಳಿದಿಬ್ಬರು ಮೊದಲೇ ಬಿಡುವ ಯೋಚನೆಯಲ್ಲಿದ್ದರು. ಇದನ್ನು ಎರಡನೇ ಪುಟದಲ್ಲಿ ಒಂದು ಸಾಲಾಗಿ ಸೇರಿಸಲಾಯಿತು.

ಎರಡನೇ ಸಭೆ

ಎಂ.ಡಿ. ಪುಟ ಓದಿ ಮುಗಿಸಿ ಫೈನಾನ್ಸ್ ಮುಖ್ಯಸ್ಥರ ಕಡೆ ನೋಡಿದರು. ಅವರು ಎರಡನೇ ಪುಟ ತಿರುವಿ ಕೇಳಿದರು: "ಐದು ಜನರನ್ನ ಬೇರೆ ಕಡೆ ತಗೋತೀವಿ ಅಂತ ಇಲ್ಲಿದೆ. ಅವರ ಸಂಬಳ ಎಲ್ಲಿ ಉಳೀತು ಹೇಳಿ?"

ನಿಜ. 4.8 ಲಕ್ಷದಲ್ಲಿ ಏಳು ಜನರ ಸಂಬಳ 1.6 ಲಕ್ಷ ಇತ್ತು. ಐದು ಜನ ಕಂಪನಿಯಲ್ಲೇ ಉಳಿದರೆ ಅದರಲ್ಲಿ ಸುಮಾರು 1.15 ಲಕ್ಷ ಉಳಿತಾಯವೇ ಅಲ್ಲ. ಹಿಂದಿನ ದಿನ ಕೊಟ್ಟ ಮಾತು ಎರಡನೇ ಪುಟಕ್ಕೆ ಬಂದಿತ್ತು, ಮೊದಲ ಪುಟದ ಲೆಕ್ಕಕ್ಕೆ ಬಂದಿರಲಿಲ್ಲ.

ಮ್ಯಾನೇಜರ್ ಒಪ್ಪಿಕೊಂಡರು. "ಹೌದು ಸರ್, ಅದನ್ನ ಕಳೀಬೇಕು. ಉಳಿತಾಯ ಮೂರು ಲಕ್ಷಕ್ಕಿಂತ ಸ್ವಲ್ಪ ಕಡಿಮೆ ಆಗುತ್ತೆ. ಇನ್ನೆರಡು ಕಾರಣಕ್ಕೆ ಇದರಿಂದ ಏನೂ ಆಗಲ್ಲ."

ಮೊದಲ ಸಭೆಗೂ ಇದಕ್ಕೂ ಇದ್ದ ವ್ಯತ್ಯಾಸ ಇಲ್ಲಿ ಕಾಣುತ್ತದೆ. ಆಕ್ಷೇಪ ಈಗಲೂ ಬಂತು, ಅದೂ ಮೊದಲಿಗಿಂತ ಗಟ್ಟಿಯಾದ ಆಕ್ಷೇಪ. ಆದರೆ ಅದು ಯಾವ ವಾದಕ್ಕೆ ತಾಗಿತು, ಎಷ್ಟು ತಾಗಿತು ಎಂದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಎಂ.ಡಿ. ಅಂಕಿಯನ್ನು ಪೆನ್ನಿನಿಂದ ತಿದ್ದಿ, "ಆದ್ರೂ ಸಹಿ ಹಾಕೋದಕ್ಕಿಂತ ಇದೇ ವಾಸಿ ಅಲ್ವಾ?" ಎಂದರು. ಸೇಲ್ಸ್ ಮುಖ್ಯಸ್ಥರು ಬೇಡದ ಪ್ಯಾಕ್‌ನ ಮಾತು ಮತ್ತೆ ಎತ್ತಿದರು. ನೇರವಾಗಿ ಕಳಿಸಿದರೆ ವಿತರಕರ ಆರ್ಡರ್ ನೋಡಿಯೇ ಲಾರಿ ತುಂಬುತ್ತೇವೆ ಎಂದಾಗ ಅವರೂ ಒಪ್ಪಿದರು. ಕರಾರು ಬೇಡ ಎಂದು ತೀರ್ಮಾನವಾಯಿತು.

ಮೂರನೇ ಕಾರಣದ ಬಗ್ಗೆ ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಆಮೇಲೆ ಏನಾಯಿತು

ಅಕ್ಟೋಬರ್‌ನಲ್ಲಿ ನೇರ ಲಾರಿಗಳು ಶುರುವಾದವು. ಡಿಸೆಂಬರ್ ಹೊತ್ತಿಗೆ ವಾಪಸಾತಿ ಶೇಕಡಾ 2.5ರ ಹತ್ತಿರ ಬಂತು. 1.5ಕ್ಕೆ ಇಳಿಯಲಿಲ್ಲ, ಆದರೆ ಇಳಿದದ್ದು ಸ್ಪಷ್ಟ. ಖರ್ಚಿನ ಉಳಿತಾಯ ತಿದ್ದಿದ ಅಂಕಿಯ ಆಸುಪಾಸಿನಲ್ಲೇ ಇತ್ತು. ಮಾರಾಟ ಮಾತ್ರ ಒಂದು ಮಾರ್ಗದಲ್ಲಿ ಕುಗ್ಗಿತು. ಅಲ್ಲಿನ ದೊಡ್ಡ ವಿತರಕರು ತಮ್ಮ ಪೇಟೆಯ ಅಂಗಡಿಗಳಿಗೆ ಚೆನ್ನಾಗಿ ಕೊಟ್ಟರು, ಸಣ್ಣ ಊರುಗಳಿಗೆ ಗಾಡಿ ಕಳಿಸುವುದನ್ನು ಮುಂದೂಡುತ್ತಾ ಹೋದರು. ಎರಡು ತಿಂಗಳಲ್ಲಿ ಆ ಊರುಗಳ ಅಂಗಡಿಗಳಲ್ಲಿ ಬೇರೆ ಕಂಪನಿಯ ಪ್ಯಾಕೆಟ್‌ಗಳು ಬಂದು ಕೂತವು.

"ಮಾರಾಟ ಕುಗ್ಗುವುದಿಲ್ಲ" ಎಂಬ ಸಾಲಿನ ಕೆಳಗಿದ್ದ ಪುರಾವೆಯನ್ನು ಮತ್ತೊಮ್ಮೆ ನೋಡಿ: ಒಪ್ಪಿದ್ದಾರೆ, ಹೇಳಿದ್ದಾರೆ. ಅದು ಫೋನ್‌ನಲ್ಲಿ ಕೇಳಿ ಪಡೆದ ಮಾತು. ಮೊದಲ ಕಾರಣದ ಕೆಳಗೆ ಪೆಟ್ಟಿಗೆಗಳ ಮೇಲಿನ ದಿನಾಂಕ ನೋಡಿ ಮಾಡಿದ ಲೆಕ್ಕವಿತ್ತು. ಎರಡನೆಯದರ ಕೆಳಗೆ ಬಿಲ್‌ಗಳಿದ್ದವು. ಮೂರೂ ಒಂದೇ ದಪ್ಪ ಅಕ್ಷರದಲ್ಲಿ, ಒಂದೇ ಅಳತೆಯ ಪ್ಯಾರಾಗಳಲ್ಲಿ ಇದ್ದುದರಿಂದ ಮೂರೂ ಸಮಾನ ಗಟ್ಟಿ ಎಂಬ ಭಾವನೆ ಬಂತು. ಅಂಕಿ ಇದ್ದ ಕಡೆ ಎಲ್ಲರ ಕಣ್ಣು ಹೋಯಿತು, ಅಂಕಿ ಇಲ್ಲದ ಕಡೆ ಹೋಗಲಿಲ್ಲ. ಪಿರಮಿಡ್ ವಾದಗಳನ್ನು ಜೋಡಿಸಿ ಕೊಡುತ್ತದೆ. ತಳದಲ್ಲಿರುವ ಪುರಾವೆ ಎಷ್ಟು ಗಟ್ಟಿ ಎಂದು ಅದು ತಾನಾಗಿ ತೋರಿಸುವುದಿಲ್ಲ. ಅದನ್ನು ಬರೆಯುವವರೇ ಬರೆದು ತೋರಿಸಬೇಕು. "ಆರು ವಿತರಕರನ್ನು ಫೋನ್‌ನಲ್ಲಿ ಕೇಳಿದ್ದು, ಸಣ್ಣ ಊರುಗಳಿಗೆ ಗಾಡಿ ಇದೆಯೇ ಎಂದು ನೋಡಿಲ್ಲ" ಎಂದು ಆ ಸಾಲಿನಲ್ಲೇ ಇದ್ದಿದ್ದರೆ, ಸೇಲ್ಸ್ ಮುಖ್ಯಸ್ಥರು ಅಲ್ಲೇ ಹಿಡಿಯುತ್ತಿದ್ದರು. ಆ ಮಾರ್ಗದ ವಿತರಕರ ಸ್ವಭಾವ ಅವರಿಗೆ ಚೆನ್ನಾಗಿ ಗೊತ್ತಿತ್ತು.

ತಪ್ಪು ಸಿಕ್ಕಿದ ಮೇಲೆ ತಿದ್ದುವುದು ಮಾತ್ರ ಸುಲಭವಾಯಿತು. ಪೂರ್ತಿ ತೀರ್ಮಾನವನ್ನು ಮತ್ತೆ ತೆರೆಯುವ ಮಾತು ಯಾರೂ ಆಡಲಿಲ್ಲ. ಮೂರನೇ ಕಾರಣ ಒಂದು ಮಾರ್ಗದಲ್ಲಿ ಸೋತಿದೆ, ಅದಕ್ಕೆ ಏನು ಮಾಡೋಣ ಎಂಬುದಷ್ಟೇ ಪ್ರಶ್ನೆಯಾಗಿತ್ತು. ಜನವರಿಯ ಟಿಪ್ಪಣಿಯ ತಲೆಬರಹ: "ಎರಡನೇ ಮಾರ್ಗದ ಸಣ್ಣ ಊರುಗಳಿಗೆ ನಮ್ಮದೇ ಬಾಡಿಗೆ ಗಾಡಿ ಬಿಡೋಣ." ಅದರ ಕೆಳಗಿನ ಪ್ರತಿ ಕಾರಣದ ಪಕ್ಕದಲ್ಲೂ ಮ್ಯಾನೇಜರ್ ಮಾಹಿತಿಯ ಮೂಲವನ್ನು ಎರಡು ಮೂರು ಪದದಲ್ಲಿ ಬರೆದಿದ್ದರು: ಬಿಲ್ ನೋಡಿದ್ದು, ಅಂಗಡಿಗೆ ಹೋಗಿ ಕೇಳಿದ್ದು, ಫೋನ್‌ನಲ್ಲಿ ಕೇಳಿದ್ದು. ವಾರಕ್ಕೆರಡು ಸಲ ಹೋಗುವ ಗಾಡಿಗೆ ಒಪ್ಪಿಗೆ ಸಿಕ್ಕಿತು. ಅದನ್ನು ಓಡಿಸುವ ಹೊಣೆಯನ್ನು ಡಿಪೋದಿಂದ ಬಂದ ಐವರಲ್ಲಿ ಒಬ್ಬರಿಗೆ ಕೊಟ್ಟರು. ಆ ಊರುಗಳ ಅಂಗಡಿಯವರ ಪರಿಚಯ ಅವರಿಗೆ ಮೊದಲಿನಿಂದಲೂ ಇತ್ತು.